ಬರೆಯದ ಸ್ವರವನ್ನು ಓದುವ ಅರಬಿ ಪಾಠ

ಕಾಗುಣಿತ ಬಂದವರಿಗೆ ಕನ್ನಡದ ಯಾವ ಪುಟವನ್ನು ಕೊಟ್ಟರೂ ಓದಲು ಬರುತ್ತದೆ. ಪದದ ಅರ್ಥ ತಿಳಿಯದಿದ್ದರೂ ನಾಲಿಗೆ ತಡವರಿಸುವುದಿಲ್ಲ. ‘ಕಿ’ ಎಂದು ಬರೆದದ್ದು ಕಿ, ‘ಕು’ ಎಂದು ಬರೆದದ್ದು ಕು. ಅನುಮಾನಕ್ಕೆ ಎಡೆಯೇ ಇಲ್ಲ. ಅರಬಿ ಲಿಪಿ ಕಲಿಯಲು ಕೂತ ಕನ್ನಡಿಗರು ಇದೇ ನಂಬಿಕೆಯನ್ನು ಜತೆಗೆ ಒಯ್ಯುತ್ತಾರೆ. 28 ಅಕ್ಷರ ಬಂದರೆ ಓದು ಬಂದಂತೆಯೇ ಎಂದುಕೊಳ್ಳುತ್ತಾರೆ. ಅಕ್ಷರಗಳು ಬೇಗ ಬಂದೂ ಬಿಡುತ್ತವೆ. ಆದರೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ, ಪ್ರತಿ ಅಕ್ಷರದ ಹೆಸರನ್ನೂ ತಪ್ಪಿಲ್ಲದೆ ಹೇಳಬಲ್ಲವರು ಒಂದು ಇಡೀ ಪದವನ್ನು ಉಚ್ಚರಿಸಲಾಗದೆ ಕೂರುತ್ತಾರೆ.

ಅರಬಿಯ ದಿನಬಳಕೆಯ ಬರಹದಲ್ಲಿ ವ್ಯಂಜನಗಳನ್ನು ಬರೆಯುತ್ತಾರೆ, ದೀರ್ಘಸ್ವರಗಳನ್ನು ಬರೆಯುತ್ತಾರೆ, ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲ. ತೊಡಕು ಇರುವುದು ಅಲ್ಲಿ. ಕ, ತ, ಬ ಎಂಬ ಮೂರು ವ್ಯಂಜನಗಳು ಸಾಲಾಗಿ ನಿಂತಿದ್ದರೆ ಅದು ‘ಕತಬ’ ಆಗಬಹುದು, ಅಂದರೆ ‘ಅವನು ಬರೆದ’. ‘ಕುತಿಬ’ ಆಗಬಹುದು, ‘ಬರೆಯಲಾಯಿತು’. ‘ಕುತುಬ್’ ಆಗಬಹುದು, ‘ಪುಸ್ತಕಗಳು’. ಕಾಗದದ ಮೇಲೆ ಮೂರೂ ಒಂದೇ. ಯಾವುದೆಂದು ತೀರ್ಮಾನಿಸುವುದು ಓದುವವರ ಕೆಲಸ. ಅರಬಿಯ ಆರಂಭಿಕ ಓದು ಎಂದರೆ ಈ ತೀರ್ಮಾನದ ತರಬೇತಿ. ಪರೀಕ್ಷೆಯೂ ಕೊನೆಗೆ ಅದನ್ನೇ ಅಳೆಯುತ್ತದೆ.

ಯಾವ ಪರೀಕ್ಷೆ? ಯುರೋಪಿನ ಭಾಷಾಮಟ್ಟಗಳ ಅಳತೆಗೋಲಿನಲ್ಲಿ ತೀರ ಕೆಳಗಿನ ಮೆಟ್ಟಿಲಿಗೆ ಎ1 ಎಂದು ಹೆಸರು. ಪರಿಚಿತ ಹೆಸರುಗಳು, ಪದಗಳು, ಸೂಚನಾಫಲಕ ಮತ್ತು ಪ್ರಕಟಣೆಗಳಲ್ಲಿ ಬರುವಂಥ ಅತಿ ಸರಳ ವಾಕ್ಯಗಳು ಅರ್ಥವಾದರೆ ಆ ಮೆಟ್ಟಿಲು ಹತ್ತಿದಂತೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಯ ತೃತೀಯ ಭಾಷೆಗಳ ಪಟ್ಟಿಯಲ್ಲಿ ಅರಬಿಯೂ ಇದೆ. ಕೊಲ್ಲಿ ದೇಶಗಳಲ್ಲಿ ಕೆಲಸ ಮಾಡುವ ಕರಾವಳಿಯವರಿಗಂತೂ ಪ್ರಮಾಣಪತ್ರ ಬೇಕೋ ಬೇಡವೋ, ಅರಬಿ ಫಲಕಗಳು ದಿನವೂ ಕಣ್ಣೆದುರಿಗೇ ಇರುತ್ತವೆ. ಎ1 ಮಟ್ಟದ ಓದಿಗೆ ಒಬ್ಬ ಕನ್ನಡ ಓದುಗ ಹೇಗೆ ಸಿದ್ಧವಾಗಬಹುದು ಎಂಬುದನ್ನು ಇಲ್ಲಿ ಮೊದಲ ಅಕ್ಷರದಿಂದ ಹಿಡಿದು ನೋಡೋಣ.

ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಬಾಯಿಪಾಠ ಮಾಡುವುದಕ್ಕಿಂತ ಆಕಾರದ ಗುಂಪುಗಳಾಗಿ ಕಲಿಯುವುದು ಒಳ್ಳೆಯದು. ಅರಬಿಯಲ್ಲಿ ಮೂಲ ಆಕಾರಗಳು 28 ಇಲ್ಲ, ಅದಕ್ಕಿಂತ ಎಷ್ಟೋ ಕಡಿಮೆ. ಒಂದೇ ಆಕಾರಕ್ಕೆ ಬೇರೆ ಬೇರೆ ಸಂಖ್ಯೆಯ ಚುಕ್ಕೆಗಳನ್ನು ಮೇಲೋ ಕೆಳಗೋ ಇಟ್ಟು ಬೇರೆ ಬೇರೆ ಅಕ್ಷರ ಮಾಡಿದ್ದಾರೆ. ಬಟ್ಟಲಿನಂತೆ ಅಗಲವಾಗಿ ಬಾಗಿದ ಗೆರೆಯ ಕೆಳಗೆ ಒಂದು ಚುಕ್ಕೆಯಿದ್ದರೆ ಅದು ‘ಬಾ’. ಅದೇ ಗೆರೆಯ ಮೇಲೆ ಎರಡು ಚುಕ್ಕೆಯಿದ್ದರೆ ‘ತಾ’, ಮೂರಿದ್ದರೆ ‘ಥಾ’. ಜೀಮ್, ಹಾ, ಖಾ ಮೂರಕ್ಕೂ ಒಂದೇ ಮೈ: ಒಳಗೆ ಚುಕ್ಕೆಯಿದ್ದರೆ ಜೀಮ್, ಚುಕ್ಕೆಯೇ ಇಲ್ಲದಿದ್ದರೆ ಹಾ, ಮೇಲೆ ಚುಕ್ಕೆಯಿದ್ದರೆ ಖಾ. ರಾ ಮೇಲೊಂದು ಚುಕ್ಕೆ ಬಿದ್ದರೆ ಝಾಯ್, ಸೀನ್ ಮೇಲೆ ಮೂರು ಬಿದ್ದರೆ ಶೀನ್. ಹೀಗೆ ದಿನಕ್ಕೊಂದು ಗುಂಪಿನಂತೆ ಹೋದರೆ ಕಣ್ಣು ಆಕಾರವನ್ನೂ ಚುಕ್ಕೆಯನ್ನೂ ಬೇರೆ ಬೇರೆಯಾಗಿ ಗುರುತಿಸಲು ಕಲಿಯುತ್ತದೆ. ಅರಬಿ ಬರೆಯುವವರ ಕೈಯೂ ಹಾಗೆಯೇ ನಡೆಯುತ್ತದೆ. ಬಲದಿಂದ ಎಡಕ್ಕೆ ಪದದ ಕೂಡಿದ ಭಾಗವನ್ನು ಚುಕ್ಕೆಗಳಿಲ್ಲದೆ ಒಂದೇ ಎಳೆತದಲ್ಲಿ ಬರೆದು, ಆಮೇಲೆ ಹಿಂತಿರುಗಿ ಚುಕ್ಕೆಗಳನ್ನಿಡುತ್ತಾರೆ. ಕಲಿಯುವವರು ಒಂದೊಂದು ಅಕ್ಷರಕ್ಕೂ ನಿಂತು ಚುಕ್ಕೆಯಿಟ್ಟು ಮುಂದೆ ಹೋದರೆ ಬರಹ ಕೂಡುವುದಿಲ್ಲ, ಕೂಡಿದ ಬರಹವನ್ನು ಓದುವ ಕಣ್ಣೂ ತಯಾರಾಗುವುದಿಲ್ಲ.

ಈ ಚುಕ್ಕೆಗಳು ಲಿಪಿಯ ಆರಂಭದಿಂದಲೂ ಎಲ್ಲೆಡೆ ತಪ್ಪದೆ ಇದ್ದವಲ್ಲ. ವಿಯೆನ್ನಾದ ಗ್ರಂಥಾಲಯದಲ್ಲಿ ಹಿಜರಿ 22ರ, ಅಂದರೆ ಕ್ರಿ.ಶ. 643ರ ಪಪೈರಸ್ ಹಾಳೆಯೊಂದಿದೆ. ಈಜಿಪ್ಟಿನಲ್ಲಿ ಸೈನ್ಯಕ್ಕಾಗಿ ಪಡೆದ ಕುರಿಗಳಿಗೆ ಕೊಟ್ಟ ರಸೀದಿ ಅದು, ಗ್ರೀಕ್ ಮತ್ತು ಅರಬಿ ಎರಡರಲ್ಲೂ ಬರೆದದ್ದು. ಅದರಲ್ಲಿ ಕೆಲವು ಅಕ್ಷರಗಳಿಗೆ ಮಾತ್ರ ಚುಕ್ಕೆಯಿದೆ. ಭಾಷೆ ಬಲ್ಲವರು ಚುಕ್ಕೆಯಿಲ್ಲದೆಯೂ ಓದಿಕೊಳ್ಳುತ್ತಿದ್ದರು. ಹ್ರಸ್ವ ಸ್ವರಗಳಿಗೆ ಇವತ್ತು ಬಳಸುವ ಚಿಹ್ನೆಗಳನ್ನು ರೂಪಿಸಿದ ಹಿರಿಮೆಯನ್ನು ಎಂಟನೆಯ ಶತಮಾನದಲ್ಲಿ ಬಸ್ರಾದಲ್ಲಿದ್ದ ವೈಯಾಕರಣ ಅಲ್ ಖಲೀಲ್ ಇಬ್ನ್ ಅಹ್ಮದರಿಗೆ ಕೊಡುತ್ತಾರೆ. ಚುಕ್ಕೆಗಳು ಕಾಲಕ್ರಮೇಣ ಕಡ್ಡಾಯವಾದವು, ಸ್ವರಚಿಹ್ನೆಗಳು ಐಚ್ಛಿಕವಾಗಿಯೇ ಉಳಿದವು. ಕಲಿಯುವವರ ಕಷ್ಟದ ಬೇರು ಇಲ್ಲಿದೆ.

ಅಕ್ಷರಗಳು ಕೂಡಿದಾಗ ಏನಾಗುತ್ತದೆ ಎಂಬುದು ಮುಂದಿನ ಮೆಟ್ಟಿಲು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೆಚ್ಚಿನ ಅಕ್ಷರಗಳು ಪದದ ಕೊನೆಯಲ್ಲಿ ತಮ್ಮ ಪೂರ್ಣ ರೂಪ ತೋರಿಸುತ್ತವೆ. ಮೊದಲಲ್ಲಿ, ನಡುವೆ ಬಾಲ ಕತ್ತರಿಸಿಕೊಂಡು ಚಿಕ್ಕದಾಗುತ್ತವೆ. ಬಾ, ತಾ, ಥಾ, ನೂನ್, ಯಾ ಈ ಐದೂ ಪದದ ಮೊದಲಲ್ಲಿ ಮತ್ತು ನಡುವೆ ಬರೀ ಒಂದು ಸಣ್ಣ ಹಲ್ಲಾಗಿ ಬಿಡುತ್ತವೆ. ಆಗ ಅವುಗಳನ್ನು ಬೇರೆ ಮಾಡುವುದು ಚುಕ್ಕೆ ಮಾತ್ರ. ‘ಬೈತ್’ ಎಂದರೆ ಮನೆ. ಬಲದಿಂದ ನೋಡಿದರೆ ಕೆಳಗೊಂದು ಚುಕ್ಕೆಯ ಹಲ್ಲು, ಕೆಳಗೆರಡು ಚುಕ್ಕೆಯ ಹಲ್ಲು, ಕೊನೆಗೆ ಮೇಲೆರಡು ಚುಕ್ಕೆಯ ಪೂರ್ಣ ತಾ. ‘ಬಿಂತ್’ ಎಂದರೆ ಹುಡುಗಿ. ಮೊದಲ ಹಲ್ಲು ಅದೇ, ಕೊನೆಯ ತಾ ಅದೇ. ನಡುವಿನ ಹಲ್ಲಿಗೆ ಕೆಳಗಿನ ಎರಡು ಚುಕ್ಕೆಯ ಬದಲು ಮೇಲೊಂದು ಚುಕ್ಕೆ. ಮನೆಗೂ ಹುಡುಗಿಗೂ ಇರುವ ವ್ಯತ್ಯಾಸ ಇಷ್ಟೇ. ಎರಡೂ ಪದಗಳು ಆರಂಭಿಕ ಪಾಠಗಳಲ್ಲಿ ಮೊದಲೇ ಬರುವುದರಿಂದ ಚಿತ್ರಕ್ಕೆ ಪದ ಹೊಂದಿಸುವ ಪ್ರಶ್ನೆಯಲ್ಲಿ ಇವೆರಡನ್ನೂ ಅಕ್ಕಪಕ್ಕದಲ್ಲಿ ಇಡಲು ಬಹಳ ಅನುಕೂಲ. ಪದದ ಒಟ್ಟು ಆಕಾರ ನೋಡಿ ಊಹಿಸುವವರು ಇಲ್ಲಿ ಬೀಳುತ್ತಾರೆ. ಹಲ್ಲು ಎಣಿಸಿ, ಚುಕ್ಕೆ ಮೇಲೋ ಕೆಳಗೋ ಎಂದು ನೋಡುವವರು ಉಳಿಯುತ್ತಾರೆ.

ಎಲ್ಲ ಅಕ್ಷರಗಳೂ ಮುಂದಿನದರ ಕೈ ಹಿಡಿಯುವುದಿಲ್ಲ. ಅಲಿಫ್, ದಾಲ್, ಧಾಲ್, ರಾ, ಝಾಯ್, ವಾವ್ ಈ ಆರು ತಮ್ಮ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ, ಮುಂದಿನದಕ್ಕೆ ಅಂಟುವುದಿಲ್ಲ. ಹಾಗಾಗಿ ಒಂದೇ ಪದದ ನಡುವೆ ಸಣ್ಣ ತೆರಪು ಉಂಟಾಗುತ್ತದೆ. ‘ವರ್ದ’ ಎಂದರೆ ಗುಲಾಬಿ. ವಾವ್, ರಾ, ದಾಲ್ ಮೂರೂ ಮುಂದಕ್ಕೆ ಅಂಟದ ಅಕ್ಷರಗಳಾದ್ದರಿಂದ ಈ ಪದದ ನಾಲ್ಕು ಅಕ್ಷರಗಳೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಹೊಸಬರು ಇದನ್ನು ನಾಲ್ಕು ಪದವೆಂದೋ ಅರ್ಧಕ್ಕೆ ನಿಂತ ಪದವೆಂದೋ ತಿಳಿಯುತ್ತಾರೆ. ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಒಂದೇ ಅಕ್ಷರದ ಸಣ್ಣ ಪದಗಳು ಮುಂದಿನ ಪದಕ್ಕೆ ಸೇರಿಕೊಂಡೇ ಬರೆಯಲ್ಪಡುತ್ತವೆ. ‘ವ’ ಎಂದರೆ ‘ಮತ್ತು’, ‘ಬಿ’ ಎಂದರೆ ‘ಇಂದ’ ಅಥವಾ ‘ಅಲ್ಲಿ’, ‘ಲಿ’ ಎಂದರೆ ‘ಗೆ, ಗಾಗಿ’. ‘ಮತ್ತು ಮನೆಯಲ್ಲಿ’ ಎಂಬುದು ‘ವಬಿಲ್‌ಬೈತ್’ ಎಂದು ಒಂದೇ ಗಂಟಾಗಿ ಕಾಣುತ್ತದೆ. ನಿಘಂಟಿನಲ್ಲಿ ವಾವ್ ಅಡಿಯಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಉದ್ದನೆಯ ಪದ ಕಂಡಾಗ ಬಲತುದಿಯ ಒಂದೆರಡು ಅಕ್ಷರಗಳನ್ನು ಬೆರಳಿಂದ ಮುಚ್ಚಿ, ಉಳಿದದ್ದು ಪರಿಚಿತ ಪದವೇ ಎಂದು ನೋಡುವ ಅಭ್ಯಾಸ ಮೊದಲ ವಾರದಿಂದಲೇ ಬೇಕು.

ಕೂಡಿದ ಅಕ್ಷರ ಓದಲು ಬಂದ ಮೇಲೆ ಮೊದಲು ಏನನ್ನು ಓದಬೇಕು? ನನ್ನ ಸಲಹೆ, ಹೊರಭಾಷೆಯ ಹೆಸರುಗಳನ್ನು. ಅರಬಿಯವರು ಹೊರಗಿನ ಹೆಸರು ಬರೆಯುವಾಗ ಓದುವವರಿಗೆ ಗೊಂದಲವಾಗಬಾರದೆಂದು ಹ್ರಸ್ವ ಸ್ವರವನ್ನೂ ಬಹುಪಾಲು ದೀರ್ಘಸ್ವರದ ಅಕ್ಷರದಿಂದಲೇ ತೋರಿಸುತ್ತಾರೆ. ಕರ್ನಾಟಕವನ್ನು ‘ಕಾರ್ನಾತಾಕಾ’ ಎಂದು ಬರೆಯುವುದುಂಟು. ಅದರಲ್ಲಿ ನಾಲ್ಕು ಅಲಿಫ್‌ಗಳಿವೆ, ಸ್ವರ ಊಹಿಸುವ ಕೆಲಸವೇ ಇಲ್ಲ. ಬೆಂಗಳೂರು ‘ಬನ್‌ಗಾಲೂರ್’. ತಿಲಿಫೂನ್, ರಾದಿಯೋ, ಕುಂಬ್ಯೂತರ್ ಇವೆಲ್ಲ ಇದೇ ಜಾತಿಯವು. ಅರಬಿಯಲ್ಲಿ ‘ಪ’ ಇಲ್ಲದ ಕಾರಣ ‘ಬ’ ಬಂದಿದೆ, ‘ಟ’ ಇಲ್ಲದ ಕಾರಣ ‘ತ’. ಅರ್ಜಿಯಲ್ಲಿ ಸ್ವಂತ ಹೆಸರು ಬರೆಯುವಾಗಲೂ ಇದು ನೆನಪಿರಬೇಕು: ಪ್ರಕಾಶರು ‘ಬ್ರಾಕಾಶ್’ ಆಗುತ್ತಾರೆ, ವೀಣಾ ‘ಫೀನಾ’ ಆಗಬಹುದು. ಇವುಗಳ ಜತೆಗೆ ಅರಬಿಯಿಂದ ಪಾರ್ಸಿ, ಉರ್ದು ದಾಟಿ ನಮ್ಮ ಕಚೇರಿ-ಬೀದಿಗಳಿಗೆ ಬಂದು ನೆಲೆಸಿದ ಪದಗಳನ್ನೂ ಓದಬಹುದು. ವಕೀಲ್, ಜವಾಬ್, ಸಾಬೂನ್, ತಾರೀಖ್ ಇವುಗಳಲ್ಲೆಲ್ಲ ಒಂದಾದರೂ ದೀರ್ಘಸ್ವರವಿದೆ, ಅರ್ಥವಂತೂ ನಮಗೆ ಗೊತ್ತೇ ಇದೆ. ಎ1 ಪತ್ರಿಕೆಯ ಅರ್ಜಿ ನಮೂನೆಯಲ್ಲಿ ‘ತಾರೀಖ್ ಅಲ್ ಮೀಲಾದ್’ ಎಂಬ ಸಾಲು ಕಂಡರೆ ಅದು ಹುಟ್ಟಿದ ತಾರೀಖು ಎಂದು ಹೊಳೆಯಲು ತಡವಾಗುವುದಿಲ್ಲ.

ಆಮೇಲಿನ ಘಟ್ಟ ಸ್ವರಚಿಹ್ನೆಗಳಿರುವ ಪಾಠ. ಅಕ್ಷರದ ಮೇಲೆ ಸಣ್ಣ ಓರೆಗೆರೆಯಿದ್ದರೆ ಅ, ಕೆಳಗಿದ್ದರೆ ಇ, ಮೇಲೆ ಪುಟ್ಟ ವಾವ್ ಕೂತಿದ್ದರೆ ಉ. ಸಣ್ಣ ಸುತ್ತು ಇದ್ದರೆ ಸ್ವರವಿಲ್ಲ, ನಮ್ಮ ಅರ್ಧಾಕ್ಷರದ ಹಾಗೆ. ಪುಟ್ಟ ಹಲ್ಲಿನಂಥ ಗುರುತು ಇದ್ದರೆ ವ್ಯಂಜನ ಒತ್ತಿ ಬರುತ್ತದೆ. ಅದಕ್ಕೆ ಶದ್ದ ಎಂದು ಹೆಸರು. ತಮಿಳುನಾಡಿನ ವಾಣಿಯಂಬಾಡಿಯಿಂದ ಹೋಗಿ ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕಲಿಸಿದ ವಿ. ಅಬ್ದುರ್ರಹೀಮರ ಪಾಠಮಾಲೆ ಜಗತ್ತಿನ ಎಷ್ಟೋ ಕಡೆ ಆರಂಭಿಕರ ಕೈಯಲ್ಲಿದೆ. ಅದರ ಮೊದಲ ಪಾಠಗಳು ಸ್ವರಚಿಹ್ನೆಗಳೊಂದಿಗೇ ಇವೆ. ಈ ಘಟ್ಟ ಕನ್ನಡಿಗರಿಗೆ ಹಿತವೆನಿಸುತ್ತದೆ, ಏಕೆಂದರೆ ಇದು ಕಾಗುಣಿತದ ಲೋಕ. ಅಪಾಯವೂ ಅಲ್ಲೇ ಇದೆ. ಮದರಸದಲ್ಲಿ ಕಾಯಿದಾ ಓದಿ, ಆಮೇಲೆ ಕುರ್‌ಆನ್ ಪಠಣ ಕಲಿತ ಎಷ್ಟೋ ಮಂದಿ ನಮ್ಮ ನಡುವೆ ಇದ್ದಾರೆ. ಅವರ ಉಚ್ಚಾರ ಶುದ್ಧ, ಅಕ್ಷರಗಳ ಮೇಲಿನ ಹಿಡಿತ ಗಟ್ಟಿ. ಆದರೆ ಕುರ್‌ಆನಿನ ಮುದ್ರಿತ ಪ್ರತಿಗಳಲ್ಲಿ ಪ್ರತಿ ಸ್ವರವನ್ನೂ ಗುರುತಿಸಿರುತ್ತಾರೆ. ಚಿಹ್ನೆಗಳನ್ನು ತೆಗೆದ ಅಂಗಡಿ ಫಲಕದ ಮುಂದೆ ನಿಂತಾಗ ಅವರೂ ತಡೆಯುತ್ತಾರೆ. ಅವರಿಗೆ ಕೊರತೆಯಿರುವುದು ಅಕ್ಷರದ್ದಲ್ಲ, ಪದಸಂಪತ್ತಿನದು. ಪರೀಕ್ಷೆಗೆ ಓದುವಾಗ ಅವರು ಲಿಪಿಯ ಪಾಠಗಳನ್ನು ಬಿಟ್ಟು ನೇರವಾಗಿ ಪದಗಳಿಂದಲೇ ಶುರು ಮಾಡಬಹುದು.

ಚಿಹ್ನೆಯಿಲ್ಲದ ಪದಕ್ಕೆ ಸ್ವರ ಎಲ್ಲಿಂದ ತರುವುದು? ಬರೀ ಊಹೆಯಿಂದಲ್ಲ. ಅರಬಿ ಪದಗಳು ಅಚ್ಚುಗಳಲ್ಲಿ ಎರಕವಾಗುತ್ತವೆ. ಸಾಮಾನ್ಯವಾಗಿ ಮೂರು ವ್ಯಂಜನಗಳ ಬೇರೊಂದಿರುತ್ತದೆ. ಅದರ ಸುತ್ತ ಸ್ವರಗಳೂ ಕೆಲವು ಹೆಚ್ಚುವರಿ ಅಕ್ಷರಗಳೂ ಗೊತ್ತಾದ ಕ್ರಮದಲ್ಲಿ ಬರುತ್ತವೆ. ಆ ಕ್ರಮಕ್ಕೆ ‘ವಝ್ನ್’ ಎನ್ನುತ್ತಾರೆ. ಬರೆಯುವುದು ಕ-ತ-ಬ. ಮೊದಲ ವ್ಯಂಜನದ ನಂತರ ಅಲಿಫ್ ಬಂದರೆ ‘ಕಾತಿಬ್’, ಬರೆಯುವವ. ಅದೇ ಅಚ್ಚಿನಲ್ಲಿ ‘ತಾಲಿಬ್’, ವಿದ್ಯಾರ್ಥಿ. ಮುಂದೆ ಮೀಮ್ ಸೇರಿದರೆ ‘ಮಕ್ತಬ್’, ಬರೆಯುವ ಜಾಗ, ಅಂದರೆ ಕಚೇರಿ ಅಥವಾ ಮೇಜು. ಅದೇ ಅಚ್ಚಿನಲ್ಲಿ ಆಟದ ಮೈದಾನ ‘ಮಲ್‌ಅಬ್’, ಅಡುಗೆಮನೆ ‘ಮತ್ಬಖ್’. ಮುಂದೆ ಮೀಮ್, ಕೊನೆಯ ವ್ಯಂಜನಕ್ಕೆ ಮೊದಲು ವಾವ್ ಬಂದರೆ ‘ಮಕ್ತೂಬ್’, ಬರೆಯಲ್ಪಟ್ಟದ್ದು. ಅದೇ ಅಚ್ಚಿನಲ್ಲಿ ‘ಮಫ್ತೂಹ್’, ತೆರೆದದ್ದು; ‘ಮಶ್‌ಗೂಲ್’, ಕೆಲಸದಲ್ಲಿರುವವ. ಆರಂಭಿಕ ಮಟ್ಟಕ್ಕೆ ಈ ಮೂರು ಅಚ್ಚುಗಳನ್ನು ಚೆನ್ನಾಗಿ ಕಲಿತರೂ ಸಾಕಷ್ಟು ಕೆಲಸವಾಗುತ್ತದೆ. ಪದಗಳನ್ನು ನೋಟ್‌ಬುಕ್ಕಿನಲ್ಲಿ ಅಕಾರಾದಿಯಾಗಿ ಬರೆದಿಟ್ಟುಕೊಳ್ಳುವ ಬದಲು ಅಚ್ಚಿನ ಪ್ರಕಾರ ಬರೆದಿಟ್ಟುಕೊಂಡರೆ ಸ್ವರಗಳು ತಾವಾಗಿ ಬಾಯಿಗೆ ಬರುತ್ತವೆ. ಅರಬಿ ಕಲಿಯುವವರು ನಡುದಾರಿಯಲ್ಲಿ ಬಿಟ್ಟುಬಿಡುವುದಕ್ಕೆ ದೊಡ್ಡ ಕಾರಣ ಈ ಅಚ್ಚುಗಳ ಪಾಠವನ್ನು ವ್ಯಾಕರಣವೆಂದು ಹೆದರಿ ತಡವಾಗಿ ಹೇಳಿಕೊಡುವುದು ಎಂದು ನನಗೆ ಬಲವಾಗಿ ಅನಿಸುತ್ತದೆ. ಅದು ಓದಿನ ಪಾಠ, ಮೊದಲ ತಿಂಗಳಲ್ಲೇ ಬರಬೇಕಾದದ್ದು.

ಅಚ್ಚು ಗೊತ್ತಿದ್ದರೂ ಕೆಲವೊಮ್ಮೆ ಎರಡು ಪದಗಳು ಒಂದೇ ಬರಹ ಹಂಚಿಕೊಳ್ಳುತ್ತವೆ. ಮೀಮ್, ದಾಲ್, ರಾ, ಸೀನ್, ಕೊನೆಗೊಂದು ದುಂಡಗಿನ ತಾ. ಇದು ‘ಮದ್ರಸ’, ಶಾಲೆ. ಇದೇ ‘ಮುದರ್ರಿಸ’, ಶಿಕ್ಷಕಿ. ಎರಡೂ ಮೊದಲ ಪಾಠಗಳ ಪದಗಳೇ. ‘ಅಲ್ ಮುದರ್ರಿಸ ಫೀ ಅಲ್ ಮದ್ರಸ’, ಅಂದರೆ ‘ಶಿಕ್ಷಕಿ ಶಾಲೆಯಲ್ಲಿದ್ದಾರೆ’ ಎಂಬ ವಾಕ್ಯವನ್ನು ಸ್ವರಚಿಹ್ನೆಯಿಲ್ಲದೆ ಬರೆದರೆ ಒಂದೇ ಪದ ಎರಡು ಸಲ ಬಂದಂತೆ ಕಾಣುತ್ತದೆ, ನಡುವೆ ‘ಫೀ’. ಹೇಗೆ ಬಿಡಿಸುವುದು? ‘ಫೀ’ ಎಂದರೆ ಒಳಗೆ. ಅದರ ನಂತರ ಜಾಗ ಬರಬೇಕು, ಹಾಗಾಗಿ ಎರಡನೆಯದು ಶಾಲೆ. ಶಾಲೆಯೊಳಗೆ ಇರುವವರು ವ್ಯಕ್ತಿ, ಹಾಗಾಗಿ ಮೊದಲನೆಯದು ಶಿಕ್ಷಕಿ. ‘ಹಿಯ’ ಎಂಬ ಪದ, ಅಂದರೆ ‘ಅವಳು’, ಮೊದಲಿಗೆ ಬಂದು ನೇರವಾಗಿ ಈ ಪದವೇ ಮುಂದುವರಿದರೆ ಅದು ಶಿಕ್ಷಕಿಯೇ. ‘ಕಬೀರ’, ಅಂದರೆ ದೊಡ್ಡದು, ಎಂಬ ವಿಶೇಷಣ ಹಿಂಬಾಲಿಸಿದರೆ ಬಹುಶಃ ಶಾಲೆ. ಅಂದರೆ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಕಣ್ಣು ಒಂದು ಪದ ಮುಂದೆ ಹೋಗಿ ಹಿಂತಿರುಗಿ ಬರಬೇಕು. ಒಂದೊಂದೇ ಪದಕ್ಕೆ ನಿಂತು, ಪೂರ್ತಿ ಉಚ್ಚರಿಸಿ, ಆಮೇಲೆ ಮುಂದೆ ಹೋಗುವ ಕನ್ನಡದ ರೂಢಿ ಇಲ್ಲಿ ಕೆಲಸಕ್ಕೆ ಬಾರದು.

ಉಚ್ಚಾರದ ಬಗ್ಗೆ ಹೇಳುವುದು ಬಹಳವಿದೆ, ಆದರೆ ಓದಿನ ಪರೀಕ್ಷೆಗೆ ಬೇಕಾದದ್ದು ಸ್ವಲ್ಪ. ಕನ್ನಡದ ಕಿವಿಗೆ ಒಂದೇ ಎನಿಸುವ ಧ್ವನಿಗಳು ಅರಬಿಯಲ್ಲಿ ಬೇರೆ ಬೇರೆ ಅಕ್ಷರಗಳು. ‘ಕಲ್ಬ್’ ಎಂದರೆ ನಾಯಿ. ಗಂಟಲಿನ ಆಳದಿಂದ ‘ಕ’ ಹೊರಡಿಸಿ ‘ಕಲ್ಬ್’ ಎಂದರೆ ಹೃದಯ. ‘ಸೈಫ್’ ಕತ್ತಿ, ನಾಲಿಗೆಯ ಹಿಂಭಾಗ ಎತ್ತಿ ಭಾರವಾಗಿ ‘ಸೈಫ್’ ಎಂದರೆ ಬೇಸಿಗೆ. ‘ತೀನ್’ ಅಂಜೂರ, ಭಾರವಾದ ತಕಾರದ ‘ತೀನ್’ ಜೇಡಿಮಣ್ಣು. ಈ ಭಾರದ ತಕಾರವನ್ನು ನಮ್ಮವರು ‘ಟ’ ಎಂದು ಹೇಳಿಬಿಡುತ್ತಾರೆ. ‘ಟ’ಕ್ಕೆ ನಾಲಿಗೆಯ ತುದಿ ಹಿಂದಕ್ಕೆ ಮಡಚುತ್ತದೆ. ಅರಬಿಯಲ್ಲಿ ತುದಿ ಹಲ್ಲಿನ ಬಳಿಯೇ ಇರುತ್ತದೆ, ಏಳುವುದು ಹಿಂಭಾಗ. ಹಾಗಾಗಿ ಕನ್ನಡ ಅಕ್ಷರದಲ್ಲಿ ಅರಬಿ ಉಚ್ಚಾರ ಬರೆದುಕೊಂಡು ಕಲಿಯುವ ರೂಢಿ ಬೇಗ ಬಿಡಬೇಕು. ಪುಸ್ತಕದಲ್ಲಿ ಪದದ ಮೇಲೆ ಕನ್ನಡದಲ್ಲಿ ‘ಸೈಫ್’ ಎಂದು ಗೀಚಿಟ್ಟರೆ ಯಾವ ಸೈಫ್ ಎಂಬುದು ಅಳಿಸಿಹೋಗುತ್ತದೆ, ಕಣ್ಣೂ ಕನ್ನಡವನ್ನೇ ಓದುತ್ತದೆ. ಉರ್ದು ಬಲ್ಲವರಿಗೆ ಬೇರೊಂದು ತೊಡಕು. ಉರ್ದುವಿನಲ್ಲಿ ಧಾಲ್, ಝಾಯ್, ಭಾರದ ದಾದ್, ಭಾರದ ಝಾ ನಾಲ್ಕನ್ನೂ ‘ಝ’ ಎಂದೇ ಹೇಳುವುದರಿಂದ, ಕೇಳಿ ಬರೆಯುವ ಪ್ರಶ್ನೆಯಲ್ಲಿ ಯಾವುದನ್ನು ಬರೆಯಬೇಕೆಂದು ಗೊತ್ತಾಗುವುದಿಲ್ಲ.

ಅಂಕಿಗಳನ್ನು ಬಹಳ ಮಂದಿ ಕೊನೆಯ ದಿನಕ್ಕೆ ಬಿಡುತ್ತಾರೆ. ಅದು ನಷ್ಟದ ಬಾಬತ್ತು. ಮೊರಾಕೊ, ಅಲ್ಜೀರಿಯಾ ಕಡೆ ನಾವು ಬಳಸುವ ಇಂಗ್ಲಿಷ್ ಅಂಕಿಗಳೇ ಸಾಕು. ಈಜಿಪ್ಟಿನಿಂದ ಕೊಲ್ಲಿಯವರೆಗೆ ಬೇರೆಯವೂ ಚಲಾವಣೆಯಲ್ಲಿವೆ. ಅವುಗಳಲ್ಲಿ ಸೊನ್ನೆ ಬರೀ ಒಂದು ಚುಕ್ಕೆ. ದುಂಡಗಿನ ಸುತ್ತು ಐದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸುತ್ತನ್ನು ಸೊನ್ನೆಯೆಂದು ಓದಿ ಬೆಳೆದ ಕಣ್ಣಿಗೆ ಇದು ದೊಡ್ಡ ಮೋಸ. ಒಂದು ನೇರಗೆರೆ, ಪಕ್ಕದಲ್ಲಿ ಸುತ್ತು ಇದ್ದರೆ ಅದು 15. ನಮ್ಮ ಕಣ್ಣು 10 ಎನ್ನುತ್ತದೆ. ನಿಜವಾದ 10 ಎಂದರೆ ನೇರಗೆರೆ ಮತ್ತು ಚುಕ್ಕೆ. ಆರು ಇಂಗ್ಲಿಷಿನ ಏಳನ್ನು ಹೋಲುತ್ತದೆ. ಏಳು ಮೇಲಕ್ಕೆ ಬಾಯಿ ತೆರೆದ ಎರಡು ಓರೆಗೆರೆ, ಎಂಟು ಅದರ ತಲೆಕೆಳಗು. ಒಂಬತ್ತು ಮಾತ್ರ ಇಂಗ್ಲಿಷಿನ ಒಂಬತ್ತಿನಂತೆಯೇ ಇದೆ. ಇನ್ನೊಂದು ಮಾತು: ಅಕ್ಷರಗಳು ಬಲದಿಂದ ಎಡಕ್ಕೆ ಹೋದರೂ ಸಂಖ್ಯೆಯೊಳಗಿನ ಅಂಕಿಗಳು ಎಡದಿಂದ ಬಲಕ್ಕೇ ಇರುತ್ತವೆ. ದೂರವಾಣಿ ಸಂಖ್ಯೆ ಬಂದಾಗ ಕಣ್ಣು ಅದರ ಎಡತುದಿಗೆ ಹಾರಿ, ಬಲಕ್ಕೆ ಓದಿ, ಮತ್ತೆ ಎಡಕ್ಕೆ ದಾಟಬೇಕು.

ಈಗ ಒಂದು ಮಾದರಿ ಪ್ರಶ್ನೆಯನ್ನು ಬಿಡಿಸೋಣ. ಎರಡು ಸಾಲಿನ ಫಲಕ, ಸ್ವರಚಿಹ್ನೆಗಳಿಲ್ಲ. ಸರಿಯಾಗಿ ಓದಿದರೆ ಹೀಗಿರುತ್ತದೆ: ‘ಅಲ್ ಮಕ್ತಬ ಮಫ್ತೂಹ ಮಿನ್ ಅಸ್ಸಾಅ 9 ಸಬಾಹನ್ ಇಲಾ ಅಸ್ಸಾಅ 5 ಮಸಾಅನ್. ಮುಗ್ಲಕ ಯೌಮ್ ಅಲ್ ಜುಮ್‌ಅ.’ ಕೆಳಗೆ ಎರಡು ಪ್ರಶ್ನೆ: ಎಷ್ಟು ಗಂಟೆಗೆ ಮುಚ್ಚುತ್ತದೆ? ಯಾವ ದಿನ ರಜೆ?

ಮೊದಲ ಪದದ ಬಲತುದಿಯಲ್ಲಿ ಅಲಿಫ್ ಮತ್ತು ಲಾಮ್. ಅದು ‘ಅಲ್’, ಗೊತ್ತಾದ ವಸ್ತುವನ್ನು ಹೇಳುವ ಪೂರ್ವಪದ. ಅದನ್ನು ಮುಚ್ಚಿದರೆ ಉಳಿಯುವುದು ಮ-ಕ-ತ-ಬ ಮತ್ತು ದುಂಡಗಿನ ತಾ. ಕ-ತ-ಬ ಬೇರು ಗೊತ್ತು, ಮುಂದಿನ ಮೀಮ್ ಜಾಗ ಸೂಚಿಸುವ ಅಚ್ಚಿನದು. ಕೊನೆಯ ದುಂಡು ತಾ ಪದವನ್ನು ಸ್ತ್ರೀಲಿಂಗ ಮಾಡಿದೆ. ನಿಂತು ಓದುವಾಗ ಅದು ಬರೀ ‘ಅ’. ‘ಮಕ್ತಬ’, ಗ್ರಂಥಾಲಯ. ಪುಸ್ತಕದಂಗಡಿಗೂ ಇದೇ ಪದವುಂಟು, ಉತ್ತರಕ್ಕೆ ಅದರಿಂದ ತೊಂದರೆಯಿಲ್ಲ. ಎರಡನೆಯದರಲ್ಲಿ ಮುಂದೆ ಮೀಮ್, ಒಳಗೆ ವಾವ್, ಕೊನೆಗೆ ಮತ್ತೆ ದುಂಡು ತಾ. ‘ಮಫ್ತೂಹ’, ತೆರೆದಿದೆ. ಗ್ರಂಥಾಲಯ ಸ್ತ್ರೀಲಿಂಗವಾದ್ದರಿಂದ ಇದಕ್ಕೂ ಅದೇ ಬಾಲ ಬಂದಿದೆ. ಎರಡಕ್ಕೂ ಒಂದೇ ಬಾಲ ಕಂಡರೆ ನಮ್ಮ ಓದು ಸರಿದಾರಿಯಲ್ಲಿದೆ ಎಂದು ತಿಳಿಯಬಹುದು. ಮೂರನೆಯದು ಮೀಮ್ ಮತ್ತು ನೂನ್ ಮಾತ್ರ. ‘ಮಿನ್’ ಆದರೆ ‘ಇಂದ’, ‘ಮನ್’ ಆದರೆ ‘ಯಾರು’. ಮುಂದೆ ಗಂಟೆ ಬಂದಿದೆ, ಹಾಗಾಗಿ ‘ಇಂದ’.

‘ಅಸ್ಸಾಅ’ ಪದದಲ್ಲಿ ಅಲಿಫ್ ಆದಮೇಲೆ ಲಾಮ್ ಬರೆದೇ ಇದೆ, ಆದರೆ ಸೀನ್ ಮುಂದೆ ಬಂದಾಗ ಅದನ್ನು ಓದುವುದಿಲ್ಲ, ಸೀನನ್ನೇ ಒತ್ತಿ ಹೇಳಬೇಕು. ಇಂಥ ಅಕ್ಷರಗಳು 14. ಇವಕ್ಕೆ ಸೂರ್ಯಾಕ್ಷರಗಳೆಂದು ಹೆಸರು. ಉಳಿದ 14ರ ಮುಂದೆ ‘ಅಲ್’ ಹಾಗೆಯೇ ಕೇಳುತ್ತದೆ, ಮಕ್ತಬದ ಮುಂದೆ ಕೇಳಿದ ಹಾಗೆ. ಒಂಬತ್ತರ ಅಂಕಿ ನೋಡಿದ ಕೂಡಲೇ ಗೊತ್ತಾಗುತ್ತದೆ. ‘ಸಬಾಹನ್’ ಬೆಳಿಗ್ಗೆ. ‘ಇಲಾ’ ಪದದ ಕೊನೆಯಲ್ಲಿ ಚುಕ್ಕೆಯಿಲ್ಲದ ಯಾ ಇದೆ. ಅದನ್ನು ಈ ಎಂದು ಓದಿದರೆ ತಪ್ಪು, ಚುಕ್ಕೆಯಿಲ್ಲದ್ದು ಆ. ಅರ್ಥ ‘ವರೆಗೆ’. ಈಜಿಪ್ಟಿನ ಮುದ್ರಣದಲ್ಲಿ ಮಾತ್ರ ಎಚ್ಚರ ಬೇಕು, ಅಲ್ಲಿ ಪದಾಂತ್ಯದ ನಿಜವಾದ ಯಾಕ್ಕೂ ಎಷ್ಟೋ ಸಲ ಚುಕ್ಕೆ ಇಡುವುದಿಲ್ಲ. ಆಮೇಲೆ ಸುತ್ತು ಅಂಕಿ: ಐದು. ‘ಮಸಾಅನ್’ ಸಂಜೆ. ಮೊದಲ ಉತ್ತರ ಸಿಕ್ಕಿತು, ಸಂಜೆ 5. ಎರಡನೆಯ ಸಾಲಿನ ‘ಮುಗ್ಲಕ’ ಮುಚ್ಚಿದೆ, ‘ಯೌಮ್’ ದಿನ, ‘ಅಲ್ ಜುಮ್‌ಅ’ ಶುಕ್ರವಾರ. ‘ಮುಗ್ಲಕ’ ಪದದ ಸ್ವರಗಳು ತಿಳಿಯದೆ ಅದನ್ನು ‘ಮಗ್ಲಕ’ ಎಂದು ಓದಿದವರಿಗೂ ಉತ್ತರ ಬರೆಯಲು ಅಡ್ಡಿಯಿಲ್ಲ. ಎ1 ಮಟ್ಟದಲ್ಲಿ ಅರ್ಥಗ್ರಹಣದ ಪ್ರಶ್ನೆಗೆ ಪ್ರತಿ ಸ್ವರವೂ ಸರಿಯಿರಲೇಬೇಕೆಂದಿಲ್ಲ. ಗಟ್ಟಿಯಾಗಿ ಓದಿಸುವ ಪರೀಕ್ಷೆಯಲ್ಲಿ ಅದೇ ತಪ್ಪಿಗೆ ಅಂಕ ಹೋಗಬಹುದು. ತಾವು ಬರೆಯುವ ಪರೀಕ್ಷೆ ಯಾವ ಬಗೆಯದೆಂದು ಮೊದಲೇ ತಿಳಿದುಕೊಂಡರೆ ಶ್ರಮ ಎಲ್ಲಿ ಹಾಕಬೇಕೆಂದು ಗೊತ್ತಾಗುತ್ತದೆ.

ಸೂಚನೆಗಳೂ ಅರಬಿಯಲ್ಲೇ ಇದ್ದರೆ ಆ ಪದಗಳನ್ನು ಬೇರೆಯಾಗಿ ಕಲಿತಿರಬೇಕು: ‘ಇಕ್ರಅ್’ ಓದು, ‘ಉಕ್ತುಬ್’ ಬರೆ, ‘ಅಜಿಬ್’ ಉತ್ತರಿಸು, ‘ಇಖ್ತರ್’ ಆರಿಸು. ಬಹು ಆಯ್ಕೆಯ ಉತ್ತರಗಳಿಗೆ ಅ, ಆ, ಇ, ಈ ಎಂದು ನಾವು ಗುರುತು ಹಾಕುವಲ್ಲಿ ಅರಬಿಯಲ್ಲಿ ಅಲಿಫ್, ಬಾ, ಜೀಮ್, ದಾಲ್ ಎಂದು ಹಾಕುತ್ತಾರೆ. ವರ್ಣಮಾಲೆಯಲ್ಲಿ ಬಾ ಆದಮೇಲೆ ತಾ ಬರುತ್ತದೆಂದು ಕಲಿತವರಿಗೆ ನಡುವೆ ಎರಡು ಆಯ್ಕೆ ಕಳೆದುಹೋದಂತೆ ಕಾಣುತ್ತದೆ. ಇದು ಅಬ್ಜದ್ ಎಂಬ ಹಳೆಯ ಕ್ರಮ, ಏನೂ ಕಳೆದಿಲ್ಲ.

ದಿನಕ್ಕೆ ಅರ್ಧ ಗಂಟೆ ಕೊಡುವವರು ಅಕ್ಷರ ಮತ್ತು ಕೂಡುಬರಹಕ್ಕೆ ಒಂದು ತಿಂಗಳಿಟ್ಟುಕೊಳ್ಳಬಹುದು. ಆಮೇಲೆ ಒಂದೇ ಪಾಠವನ್ನು ಮೊದಲು ಸ್ವರಚಿಹ್ನೆಯೊಂದಿಗೆ ಓದಿ, ಮರುದಿನ ಚಿಹ್ನೆಗಳಿಲ್ಲದ ಪ್ರತಿಯನ್ನು ಓದಬೇಕು. ಅಂಥ ಪ್ರತಿ ಇಲ್ಲದಿದ್ದರೆ ತಾವೇ ಬರೆದುಕೊಳ್ಳಬೇಕು. ಹಾಗೆ ಬರೆಯುವುದೇ ಒಳ್ಳೆಯ ಅಭ್ಯಾಸ. ಓದು ನಿಜವಾಗಿ ಬಂದಿದೆಯೇ ಎಂದು ನೋಡಲು ಪಾಠದ ವಾಕ್ಯಗಳನ್ನು ಬಿಟ್ಟು ಅವೇ ಪದಗಳಿಂದ ಕಟ್ಟಿದ ಹೊಸ ವಾಕ್ಯಗಳನ್ನು ಬೇರೆಯವರಿಂದ ಬರೆಸಿ ಓದಬೇಕು. ಪಾಠ ನಿರರ್ಗಳವಾಗಿ ಬಂದು ಹೊಸ ವಾಕ್ಯದಲ್ಲಿ ತಡೆದರೆ ಅದು ಬಾಯಿಪಾಠ. ಪದದ ಮೊದಲ ಎರಡು ಅಕ್ಷರ ನೋಡಿ ಉಳಿದದ್ದನ್ನು ತಪ್ಪಾಗಿ ಹೇಳಿದರೆ ಅವಸರ. ಪ್ರತಿ ಅಕ್ಷರವನ್ನೂ ಸರಿಯಾಗಿ ಗುರುತಿಸಿಯೂ ಸ್ವರ ತಪ್ಪಿದರೆ ಪದ ಅಥವಾ ಅಚ್ಚು ಗೊತ್ತಿಲ್ಲವೆಂದು ಅರ್ಥ. ಆಗ ಲಿಪಿಯ ಪುಸ್ತಕಕ್ಕೆ ಹಿಂತಿರುಗಿ ಪ್ರಯೋಜನವಿಲ್ಲ, ಪದಗಳ ಪಟ್ಟಿಗೆ ಹೋಗಬೇಕು.

ಇಷ್ಟು ಕಲಿತವರಿಗೆ ನಸ್ಖ್ ಶೈಲಿಯ ಮುದ್ರಿತ ಫಲಕ, ಅರ್ಜಿ ನಮೂನೆ, ನಾಲ್ಕೈದು ಸಾಲಿನ ಪರಿಚಯ ಬರಹ ಓದಲು ಬರುತ್ತದೆ. ಪತ್ರಿಕೆಯ ಸುದ್ದಿ ಬರುವುದಿಲ್ಲ, ಅದಕ್ಕೆ ಬೇಕಾದ ಪದಗಳ ರಾಶಿಯೇ ಬೇರೆ. ಅಂಗಡಿಯವರು ಕೈಯಲ್ಲಿ ಗೀಚಿದ ಚೀಟಿಯೂ ಬಾರದಿರಬಹುದು. ಅವಸರದ ಕೈಬರಹಕ್ಕೆ ರುಕ್‌ಅ ಎಂಬ ಬೇರೆ ಶೈಲಿಯಿದೆ. ಅದರಲ್ಲಿ ಎರಡು ಚುಕ್ಕೆಗಳು ಸೇರಿ ಒಂದು ಅಡ್ಡಗೆರೆಯಾಗುತ್ತವೆ, ಮೂರು ಚುಕ್ಕೆಗಳು ಒಂದು ಸಣ್ಣ ಮೊನೆಯಾಗುತ್ತವೆ, ಸೀನಿನ ಮೂರು ಹಲ್ಲುಗಳು ಒಂದೇ ಉದ್ದ ಗೆರೆಯಾಗಿ ಚಪ್ಪಟೆಯಾಗುತ್ತವೆ. ಆರಂಭಿಕ ಪರೀಕ್ಷೆಗಳ ಓದಿನ ಭಾಗ ಸಾಮಾನ್ಯವಾಗಿ ಮುದ್ರಿತ ನಸ್ಖ್‌ನಲ್ಲೇ ಇರುವುದರಿಂದ ರುಕ್‌ಅವನ್ನು ಪರೀಕ್ಷೆ ಮುಗಿದ ಮೇಲೆ ಕೈಗೆತ್ತಿಕೊಳ್ಳಬಹುದು.